ಗೇಟು ಮುಚ್ಚುವ ಹೊತ್ತು

ಹುಬ್ಬಳ್ಳಿಯಲ್ಲಿ ಯಾರನ್ನಾದರೂ ನಿಲ್ಲಿಸಿ ‘ಧಾರವಾಡಕ್ಕ ಎಷ್ಟ್ ಹೊತ್ತ ಹಿಡೀತದ್ರಿ?’ ಅಂತ ಕೇಳಿದರೆ, ‘ಮುಕ್ಕಾಲ್ ತಾಸ್ ಹಿಡೀತದ ನೋಡ್ರಿ’ ಅನ್ನುವ ಉತ್ತರ ತಡವಿಲ್ಲದೆ ಬರುತ್ತದೆ. ಉತ್ತರ ಸುಳ್ಳಲ್ಲ. ಚಿಗರಿ ಬಸ್ಸು ತನ್ನದೇ ದಾರಿಯಲ್ಲಿ ಓಡತೊಡಗಿದ ಮೇಲಂತೂ ಅವಳಿ ನಗರದ ನಡುವಿನ ಇಪ್ಪತ್ತು ಚಿಲ್ಲರೆ ಕಿಲೋಮೀಟರು ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಮುಗಿಯುತ್ತದೆ. ದಿನಾ ಕಾಲೇಜಿಗೆ, ಕಚೇರಿಗೆ, ಹೈಕೋರ್ಟ್ ಪೀಠಕ್ಕೆ ಓಡಾಡುವವರ ಬದುಕು ಆ ಮುಕ್ಕಾಲು ತಾಸಿನ ಮೇಲೆಯೇ ನಿಂತಿದೆ, ನಿಲ್ಲಬೇಕಾದದ್ದೂ ಹಾಗೆಯೇ. ಒಂದು ದಿನ ಹತ್ತು ನಿಮಿಷ ತಡವಾದರೆ ಇನ್ನೊಂದು ದಿನ ಐದು ನಿಮಿಷ ಬೇಗ ಮುಟ್ಟುತ್ತಾರೆ, ತಿಂಗಳಲ್ಲಿ ಲೆಕ್ಕ ಸರಿಹೋಗುತ್ತದೆ. ಆದರೆ ಪರೀಕ್ಷೆಗೆ ಹೊರಟವರಿಗೆ ಆ ತಿಂಗಳು ಇರುವುದಿಲ್ಲ. ಅವರಿಗೆ ಸಿಗುವುದು ಒಂದೇ ಬೆಳಗು. ಅದು ಒಳ್ಳೆಯ ಬೆಳಗೋ ಕೆಟ್ಟ ಬೆಳಗೋ ಎಂಬುದು ಮನೆ ಬಿಟ್ಟ ಮೇಲೆಯೇ ಗೊತ್ತಾಗುತ್ತದೆ. ಆದ್ದರಿಂದ ಪರೀಕ್ಷೆಗೆ, ಸಂದರ್ಶನಕ್ಕೆ ಹೊರಡುವವರು ಕೇಳಬೇಕಾದ ಪ್ರಶ್ನೆಯೇ ಬೇರೆ ಎಂದು ನನ್ನ ವಾದ. ‘ಸಾಮಾನ್ಯವಾಗಿ ಎಷ್ಟು ಹೊತ್ತು’ ಅಂತಲ್ಲ, ‘ತಿಂಗಳಲ್ಲಿ ಒಂದು ದಿನ ಎಲ್ಲ ಕೈಕೊಡುತ್ತದಲ್ಲ, ಆ ದಿನ ಎಷ್ಟು ಹೊತ್ತು’ ಅಂತ ಕೇಳಬೇಕು.

ಪ್ರಯಾಣದ ಹೊತ್ತು ಎರಡೂ ಕಡೆ ಒಂದೇ ಸಮನೆ ಹಿಗ್ಗುವುದಿಲ್ಲ. ಹುಬ್ಬಳ್ಳಿಯ ಹೊಸೂರಿನಿಂದ ಧಾರವಾಡದ ಜ್ಯುಬಿಲಿ ಸರ್ಕಲ್‌ಗೆ ನಲವತ್ತು ನಿಮಿಷ ಹಿಡಿಯುವ ಬಸ್ಸು, ಎಷ್ಟೇ ಅದೃಷ್ಟದ ದಿನವಾದರೂ ಹದಿನೈದು ನಿಮಿಷದಲ್ಲಿ ಮುಟ್ಟಲಾರದು. ಸಿಗ್ನಲ್‌ಗಳಿವೆ, ನಿಲ್ದಾಣಗಳಿವೆ, ವೇಗಕ್ಕೆ ಮಿತಿಯಿದೆ. ಹೆಚ್ಚೆಂದರೆ ಐದಾರು ನಿಮಿಷ ಉಳಿಯಬಹುದು. ತಡವಾಗುವುದಕ್ಕೆ ಮಾತ್ರ ಮೇಲ್ಮಿತಿಯೇ ಇಲ್ಲ. ಅದು ಇಪ್ಪತ್ತು ನಿಮಿಷವೂ ಆಗಬಹುದು, ಒಂದೂವರೆ ತಾಸೂ ಆಗಬಹುದು. ದಿನಗಳನ್ನೆಲ್ಲ ಗುಡ್ಡೆಹಾಕಿ ನೋಡಿದರೆ ಬಹುಪಾಲು ನಲವತ್ತರ ಸುತ್ತ ಗುಂಪಾಗಿರುತ್ತವೆ, ತಡದ ಕಡೆಗೆ ಮಾತ್ರ ಉದ್ದನೆಯ ಬಾಲವೊಂದು ಚಾಚಿಕೊಂಡಿರುತ್ತದೆ. ಸರಾಸರಿ ಆ ಬಾಲವನ್ನು ಬಚ್ಚಿಟ್ಟು ಒಂದೇ ಅಂಕಿ ತೋರಿಸುತ್ತದೆ. ಸರಾಸರಿಯನ್ನೇ ನಂಬಿ ಕೊನೆಯ ಕ್ಷಣಕ್ಕೆ ಸರಿಯಾಗಿ ಹೊರಡುವವರು ಹೆಚ್ಚುಕಡಿಮೆ ಎರಡು ಮೂರು ದಿನಕ್ಕೊಮ್ಮೆ ತಡವಾಗಿಯೇ ಮುಟ್ಟುತ್ತಾರೆ. ಸಂಚಾರ ಎಂಜಿನಿಯರುಗಳು ಇದಕ್ಕೊಂದು ಅಳತೆ ಇಟ್ಟುಕೊಂಡಿದ್ದಾರೆ. ನೂರು ಪ್ರಯಾಣಗಳಲ್ಲಿ ತೊಂಬತ್ತೈದು ಎಷ್ಟು ಹೊತ್ತಿನೊಳಗೆ ಮುಗಿಯುತ್ತವೋ ಆ ಹೊತ್ತನ್ನು ಅವರು ಯೋಜನೆಯ ಸಮಯ ಎನ್ನುತ್ತಾರೆ. ಅಮೆರಿಕದ ಹೆದ್ದಾರಿ ಇಲಾಖೆ ಇದನ್ನು ಜನರಿಗೆ ವಿವರಿಸುವಾಗ, ಈ ಲೆಕ್ಕ ಹಿಡಿದು ಹೊರಟರೆ ಕೆಲಸದ ದಿನಗಳಲ್ಲಿ ತಿಂಗಳಿಗೆ ಒಂದೇ ಸಲ ತಡವಾಗುತ್ತದೆ ಎನ್ನುತ್ತದೆ. ಕಚೇರಿಗೆ ಅಷ್ಟು ಭದ್ರತೆ ಧಾರಾಳ ಸಾಕು. ಗೇಟು ಮುಚ್ಚುವ ಪರೀಕ್ಷೆಗೆ ಅದೂ ಕೆಳಗಿನ ಮಿತಿಯೇ.

ಈ ವಾದಕ್ಕೆ ನಮ್ಮದೇ ಊರಿನ ರೈಲೊಂದು ಸಾಕ್ಷಿ. 2019ರ ಮೇ 5, ನೀಟ್ ಪರೀಕ್ಷೆಯ ಭಾನುವಾರ. ಪರೀಕ್ಷೆ ಮಧ್ಯಾಹ್ನ ಎರಡಕ್ಕೆ, ಗೇಟು ಮುಚ್ಚುವುದು ಒಂದೂವರೆಗೆ. ಹಿಂದಿನ ಸಂಜೆ ಹುಬ್ಬಳ್ಳಿಯಿಂದ ಹೊರಟ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಉತ್ತರ ಕರ್ನಾಟಕದ ನೂರಾರು ವಿದ್ಯಾರ್ಥಿಗಳಿದ್ದರು. ಬೆಳಗ್ಗೆ ಬೆಂಗಳೂರು ಸೇರಬೇಕಿದ್ದ ರೈಲು ಸುಮಾರು ಏಳು ತಾಸು ತಡವಾಗಿ, ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಮುಟ್ಟಿತು. ಅಷ್ಟರಲ್ಲಿ ಪರೀಕ್ಷೆ ಶುರುವಾಗಿ ಅರ್ಧ ತಾಸಾಗಿತ್ತು. ಈ ಮಕ್ಕಳನ್ನು ಅಜಾಗರೂಕರೆಂದು ಕರೆಯುವುದು ಅನ್ಯಾಯ. ರೈಲು ಮುಟ್ಟುವ ಹೊತ್ತಿಗೂ ಗೇಟು ಮುಚ್ಚುವ ಹೊತ್ತಿಗೂ ನಡುವೆ ಆರು ತಾಸಿನಷ್ಟು ಬಿಡುವನ್ನು ಅವರು ಇಟ್ಟುಕೊಂಡಿದ್ದರು. ಸಾಮಾನ್ಯ ದಿನದ ಲೆಕ್ಕದಲ್ಲಿ ಅದು ಬೇಕಾದ್ದಕ್ಕಿಂತ ಹೆಚ್ಚೇ. ಆದರೆ ಅಂದು ಸಾಮಾನ್ಯ ದಿನವಾಗಿರಲಿಲ್ಲ. ಹಳಿ ಕಾಮಗಾರಿಯಿಂದಾಗಿ ರೈಲಿನ ಮಾರ್ಗ ಬದಲಾಗಿತ್ತು; ಅದನ್ನು ಪ್ರಯಾಣಿಕರಿಗೆ ಮುಂಚೆಯೇ ತಿಳಿಸಿದ್ದೆವು ಎಂದು ರೈಲ್ವೆ ಆಮೇಲೆ ಹೇಳಿತು. ಮಾರ್ಗ ಬದಲಾದ ರೈಲಿಗೆ ಹಳೆಯ ವೇಳಾಪಟ್ಟಿಯ ಅನುಭವ ಲಾಗೂ ಆಗುವುದಿಲ್ಲ. ದಿನಾ ಆ ರೈಲಿನಲ್ಲಿ ಓಡಾಡಿದವರ ಸರಾಸರಿಯೂ ಅಂದಿನ ಮಟ್ಟಿಗೆ ಬೇರೆ ಯಾವುದೋ ರೈಲಿನದು. ಇದರಿಂದ ಕಲಿಯಬೇಕಾದದ್ದು ಎರಡು. ಬಿಡುವು ಎಷ್ಟಿದೆ ಎನ್ನುವುದರಷ್ಟೇ, ಆ ದಿನ ಯಾವ ಬಗೆಯ ದಿನ ಎನ್ನುವುದೂ ಮುಖ್ಯ. ಮತ್ತೆ, ಇಡೀ ಯೋಜನೆ ಒಂದೇ ರೈಲಿನ ಮೇಲೆ ನಿಂತಿದ್ದರೆ, ನಡುರಾತ್ರಿ ಎಲ್ಲೋ ನಿಂತ ಡಬ್ಬಿಯೊಳಗೆ ಕೂತವರಿಗೆ ಆರು ತಾಸಿನ ಬಿಡುವಿದ್ದರೂ ಅದನ್ನು ಬಳಸಿಕೊಳ್ಳುವ ದಾರಿ ಇರುವುದಿಲ್ಲ.

‘ಆದರೆ ಅವರಿಗೆ ಮರುಪರೀಕ್ಷೆ ಸಿಕ್ಕಿತಲ್ಲ’ ಎಂದು ಕೇಳುವವರಿದ್ದಾರೆ. ಸಿಕ್ಕಿತು. ಕೇಂದ್ರ ಮಾನವ ಸಂಪನ್ಮೂಲ ಸಚಿವರಾಗಿದ್ದ ಪ್ರಕಾಶ್ ಜಾವಡೇಕರ್ ಇನ್ನೊಂದು ಅವಕಾಶ ಕೊಡುವುದಾಗಿ ಹೇಳಿದರು. ಫೊನಿ ಚಂಡಮಾರುತದಿಂದ ಪರೀಕ್ಷೆ ಮುಂದೆ ಹೋಗಿದ್ದ ಒಡಿಶಾದ ವಿದ್ಯಾರ್ಥಿಗಳ ಜೊತೆಗೇ, ಮೇ 20ರಂದು ಇವರೂ ಬರೆದರು. ಆದರೆ ಆ ಅವಕಾಶ ಬಂದದ್ದು ಹೇಗೆ ಎಂಬುದನ್ನು ನೋಡಬೇಕು. ಒಂದೇ ರೈಲಿನಲ್ಲಿ ನೂರಾರು ಮಂದಿ ಒಟ್ಟಿಗೆ ಸಿಕ್ಕಿಬಿದ್ದರು, ದಿನವಿಡೀ ಸುದ್ದಿಯಾಯಿತು, ರಾಜ್ಯದ ಮುಖ್ಯಮಂತ್ರಿಯೂ ಕೇಂದ್ರದ ಸಚಿವರೂ ದನಿಯೆತ್ತಬೇಕಾಯಿತು. ಚೆನ್ನಮ್ಮ ವೃತ್ತದ ಗದ್ದಲದಲ್ಲಿ ಆಟೋದೊಳಗೆ ಒಬ್ಬರೇ ಸಿಕ್ಕಿಬಿದ್ದು ಎರಡು ನಿಮಿಷ ತಡವಾಗಿ ಗೇಟಿಗೆ ಬಂದವರಿಗಾಗಿ ಯಾವ ಸಚಿವರೂ ಮಾತಾಡುವುದಿಲ್ಲ. ಕೆಟ್ಟ ದಿನ ಎಲ್ಲರಿಗೂ ಒಟ್ಟಿಗೆ ಬಂದರೆ ಅದು ಸುದ್ದಿಯಾಗುತ್ತದೆ, ಒಬ್ಬರಿಗೆ ಬಂದರೆ ಅವರ ಮನೆಯ ಕಷ್ಟವಾಗಿಯೇ ಉಳಿಯುತ್ತದೆ.

ಹಾಗಾದರೆ ಕೆಟ್ಟ ದಿನವನ್ನು ಲೆಕ್ಕ ಹಾಕುವುದು ಹೇಗೆ? ಹಳೇ ಹುಬ್ಬಳ್ಳಿಯಿಂದ ಧಾರವಾಡದ ಒಂದು ಕಾಲೇಜಿಗೆ ಯುಪಿಎಸ್‌ಸಿ ಪ್ರಿಲಿಮ್ಸ್ ಬರೆಯಲು ಹೊರಟ ಅಭ್ಯರ್ಥಿಯನ್ನು ಇಟ್ಟುಕೊಳ್ಳೋಣ. ಧಾರವಾಡ ಆ ಪರೀಕ್ಷೆಯ ಕೇಂದ್ರಗಳಲ್ಲೊಂದು. ಮೊದಲ ಪತ್ರಿಕೆ ಒಂಬತ್ತೂವರೆಗೆ, ಆದರೆ ಅರ್ಧ ತಾಸು ಮುಂಚೆ, ಒಂಬತ್ತಕ್ಕೆ, ಪ್ರವೇಶ ನಿಲ್ಲುತ್ತದೆ. ಹೀಗಾಗಿ ಲೆಕ್ಕ ಶುರುವಾಗಬೇಕಾದದ್ದು ಒಂಬತ್ತರಿಂದ ಹಿಂದಕ್ಕೆ. ಒಂಬತ್ತೂವರೆ ಎಂಬ ಅಂಕಿಯನ್ನು ತಲೆಯಿಂದ ತೆಗೆದುಬಿಡುವುದೇ ಒಳ್ಳೆಯದು. ದಾರಿಯನ್ನು ತುಂಡು ತುಂಡಾಗಿ ಬಿಡಿಸೋಣ. ಇಲ್ಲಿನ ನಿಮಿಷಗಳು ನಾನು ಉದಾಹರಣೆಗೆ ಹಿಡಿದವು, ನಿಮ್ಮ ಓಣಿಯವನ್ನು ನೀವೇ ಹಾಕಿಕೊಳ್ಳಿ. ಮನೆಯಿಂದ ಆಟೋ ಹಿಡಿದು ಹೊಸೂರು ಮುಟ್ಟಲು ಇಪ್ಪತ್ತು ನಿಮಿಷ, ಕೆಟ್ಟ ದಿನ ನಲವತ್ತು. ಚಿಗರಿಗೆ ಕಾಯಲು ಐದು, ಕೆಟ್ಟ ದಿನ ಹದಿನೈದು. ಜ್ಯುಬಿಲಿ ಸರ್ಕಲ್‌ವರೆಗೆ ಬಸ್ಸಿನಲ್ಲಿ ನಲವತ್ತು, ಕೆಟ್ಟ ದಿನ ಅರವತ್ತು. ಅಲ್ಲಿಂದ ಕಾಲೇಜಿಗೆ ಹತ್ತು, ಕೆಟ್ಟ ದಿನ ಇಪ್ಪತ್ತು. ಗೇಟಿನ ಹೊರಗಿನ ಸಾಲು, ಪ್ರವೇಶಪತ್ರದ ತಪಾಸಣೆ ಸೇರಿ ಹತ್ತು, ಕೆಟ್ಟ ದಿನ ಇಪ್ಪತ್ತೈದು. ಸಾಮಾನ್ಯ ದಿನದ ಅಂಕಿಗಳನ್ನು ಕೂಡಿಸಿದರೆ ಎಂಬತ್ತೈದು ನಿಮಿಷ, ಅಂದರೆ ಏಳೂ ಮೂವತ್ತೈದಕ್ಕೆ ಮನೆ ಬಿಡಬಹುದು ಅನಿಸುತ್ತದೆ. ಕೆಟ್ಟದ್ದನ್ನೆಲ್ಲ ಕೂಡಿಸಿದರೆ ನೂರ ಅರವತ್ತು ನಿಮಿಷ. ಆಗ ಆರೂ ಇಪ್ಪತ್ತಕ್ಕೇ ಹೊರಡಬೇಕು.

ಇಲ್ಲಿ ಬಹಳ ಜನ ಬೇಸತ್ತು ಲೆಕ್ಕವನ್ನೇ ಬಿಟ್ಟುಬಿಡುತ್ತಾರೆ. ಎಲ್ಲವೂ ಒಂದೇ ದಿನ ಹೇಗೆ ಕೆಡುತ್ತದೆ, ಇದು ಅತಿಯಾಯಿತು ಎನ್ನುತ್ತಾರೆ. ಆಕ್ಷೇಪದಲ್ಲಿ ಹುರುಳಿದೆ. ಆಟೋ ಸಿಗದ ದಿನವೇ ಬಸ್ಸು ಕೆಟ್ಟು, ಅದೇ ದಿನ ಗೇಟಿನ ಸಾಲೂ ಉದ್ದವಾಗುವುದು ಅಪರೂಪ. ಒಂದರ ತಡಕ್ಕೂ ಇನ್ನೊಂದರ ತಡಕ್ಕೂ ಸಂಬಂಧವಿಲ್ಲ ಅಂದುಕೊಂಡರೆ, ಹೆಚ್ಚುವರಿ ನಿಮಿಷಗಳನ್ನು ನೇರವಾಗಿ ಕೂಡಿಸಬೇಕಿಲ್ಲ. ಸಂಖ್ಯಾಶಾಸ್ತ್ರ ಓದಿದವರಿಗೆ ದಾರಿ ಗೊತ್ತು: ಪ್ರತಿಯೊಂದು ಹೆಚ್ಚುವರಿಯ ವರ್ಗ ತೆಗೆದು, ಕೂಡಿಸಿ, ಮೊತ್ತದ ವರ್ಗಮೂಲ ಹಿಡಿಯಬೇಕು. ನಮ್ಮ ಉದಾಹರಣೆಯಲ್ಲಿ ಹೆಚ್ಚುವರಿಗಳು ಇಪ್ಪತ್ತು, ಹತ್ತು, ಇಪ್ಪತ್ತು, ಹತ್ತು, ಹದಿನೈದು. ಅವುಗಳ ವರ್ಗಗಳ ಮೊತ್ತ 1225, ಅದರ ವರ್ಗಮೂಲ 35. ಎಂಬತ್ತೈದಕ್ಕೆ ಮೂವತ್ತೈದು ಸೇರಿಸಿದರೆ ನೂರಿಪ್ಪತ್ತು ನಿಮಿಷ, ಸರಿಯಾಗಿ ಎರಡು ತಾಸು. ಏಳಕ್ಕೆ ಮನೆ ಬಿಟ್ಟರಾಯಿತು. ಇದೊಂದು ಒರಟು ಅಂದಾಜು, ಆದರೂ ಉಪಯೋಗದ ಅಂದಾಜು. ಸರಾಸರಿಯನ್ನು ನಂಬಿದವರಿಗಿಂತ ಅರ್ಧ ತಾಸು ಚಿಲ್ಲರೆ ಬೇಗ ಹೊರಟರೆ ಬಹುಪಾಲು ಕೆಟ್ಟ ದಿನಗಳನ್ನು ನಿಭಾಯಿಸಬಹುದು. ಭಯಪಡುವಷ್ಟು ದೊಡ್ಡ ಬೆಲೆ ಇದಲ್ಲ.

ಆದರೆ ‘ಸಂಬಂಧವಿಲ್ಲ’ ಎಂಬ ಆ ಮಾತನ್ನು ನಾನು ಅಷ್ಟು ಸುಲಭವಾಗಿ ಬಿಡಲಾರೆ. ತಡಗಳೆಲ್ಲ ಒಂದೇ ಬೇರಿನಿಂದ ಹುಟ್ಟುವ ದಿನಗಳೂ ಇವೆ. ಬೆಳಗಿನ ಜೋರು ಮಳೆಯನ್ನೇ ತೆಗೆದುಕೊಳ್ಳಿ. ಓಣಿಯಲ್ಲಿ ಆಟೋ ಸಿಗುವುದಿಲ್ಲ. ಧಾರವಾಡದ ಟೋಲ್ ನಾಕಾ, ಎನ್‌ಟಿಟಿಎಫ್ ಬಳಿ ಬಿಆರ್‌ಟಿಎಸ್ ದಾರಿಯಲ್ಲೇ ನೀರು ನಿಲ್ಲುತ್ತದೆ. ಚಿಗರಿಗೆ ಪ್ರತ್ಯೇಕ ದಾರಿ ಇದೆಯೆಂಬ ಧೈರ್ಯ ಅಲ್ಲಿ ನೆರವಿಗೆ ಬರುವುದಿಲ್ಲ. ದಿನಾ ಬೈಕಿನಲ್ಲಿ ಬರುತ್ತಿದ್ದವರೆಲ್ಲ ಅಂದು ಬಸ್ಸಿಗೆ ಬರುತ್ತಾರೆ. ಕಾಲೇಜಿನ ಗೇಟಿನಲ್ಲಿ ಕೊಡೆ ಹಿಡಿದ ಸಾಲು ನಿಧಾನ ಸರಿಯುತ್ತದೆ. ಇದು ಐದು ಬೇರೆ ಬೇರೆ ದುರದೃಷ್ಟವಲ್ಲ, ಒಂದೇ ಮಳೆ. ಮೆರವಣಿಗೆ, ಬಂದ್, ಗಣ್ಯರ ಭೇಟಿ, ಚೆನ್ನಮ್ಮ ವೃತ್ತದಲ್ಲಿ ಮೇಲ್ಸೇತುವೆ ಕೆಲಸಕ್ಕೆಂದು ರಸ್ತೆ ತಿರುಗಿಸುವುದು, ಇವೆಲ್ಲ ಅದೇ ಜಾತಿ. ಇಂಥ ದಿನ ವರ್ಗಮೂಲದ ರಿಯಾಯಿತಿ ಸಿಗುವುದಿಲ್ಲ, ನೂರ ಅರವತ್ತರ ಕಡೆಗೇ ಲೆಕ್ಕ ಜಾರುತ್ತದೆ. ಸಮಾಧಾನದ ಸಂಗತಿಯೆಂದರೆ ಈ ಬಗೆಯ ದಿನಗಳು ಹೇಳಿಕೊಂಡೇ ಬರುತ್ತವೆ. ಮೆರವಣಿಗೆಯ ದಾರಿ, ಬಂದ್ ಕರೆ, ಮಾರ್ಗ ಬದಲಾವಣೆ ಹಿಂದಿನ ದಿನದ ಪತ್ರಿಕೆಯಲ್ಲಿ ಇರುತ್ತವೆ. ಮಳೆಯ ಮುನ್ಸೂಚನೆ ಮೊಬೈಲಿನಲ್ಲೇ ಇದೆ. ಹಿಂದಿನ ಸಂಜೆ ಹತ್ತು ನಿಮಿಷ ಇವನ್ನು ನೋಡಿ, ನಾಳೆ ಏಳರ ದಿನವೋ ಆರೂ ಇಪ್ಪತ್ತರ ದಿನವೋ ಎಂದು ತೀರ್ಮಾನಿಸುವುದು, ಕಣ್ಣು ಮುಚ್ಚಿ ಪ್ರತಿ ಸಲ ಎರಡು ತಾಸು ಬೇಗ ಹೊರಡುವುದಕ್ಕಿಂತ ಜಾಣತನ.

ಪರೀಕ್ಷೆಯ ದಿನವೇ ಒಂದು ಬೇರೆ ಬಗೆಯ ದಿನ ಎಂಬುದನ್ನೂ ಇದಕ್ಕೆ ಸೇರಿಸಬೇಕು. ಎಂದೂ ಜನವಿಲ್ಲದ ಕಾಲೇಜು ರಸ್ತೆಗೆ ಅಂದು ಒಂದೇ ಹೊತ್ತಿಗೆ ನೂರಾರು ಅಭ್ಯರ್ಥಿಗಳು, ಅವರ ತಂದೆತಾಯಿ, ಬಿಡಲು ಬಂದ ಗಾಡಿಗಳು ಸೇರುತ್ತವೆ. ಹಿಂದಿನ ವಾರ ಹೋಗಿ ದಾರಿ ನೋಡಿಕೊಂಡು ಬಂದೆವು ಎನ್ನುವವರು ನೋಡಿ ಬಂದದ್ದು ಖಾಲಿ ರಸ್ತೆಯನ್ನು. ಅದರಿಂದ ಗೇಟು ಯಾವ ಕಡೆ ಇದೆ ಎಂದು ಗೊತ್ತಾಗುತ್ತದೆ, ಅದು ಸಣ್ಣ ಲಾಭವೇನಲ್ಲ. ಆದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ಒಂದು ಸಲದ ಓಡಾಟ ಸಾಕ್ಷಿಯಾಗದು. ಒಂದು ಸಲ ಹೋದರೆ ಸಿಗುವುದು ಬಹುಮಟ್ಟಿಗೆ ಸಾಮಾನ್ಯ ದಿನವೇ. ವಾರ ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದಾಗ ಅದು ಮಂಗಳವಾರ. ಅದರ ಮರುಪರೀಕ್ಷೆ ಡಿಸೆಂಬರ್ 29ರಂದು ನಡೆದಾಗ ಭಾನುವಾರ. ಒಂದೇ ಪರೀಕ್ಷೆ, ಆದರೆ ದಾರಿಯ ಮಟ್ಟಿಗೆ ಎರಡು ಬೇರೆ ಪರೀಕ್ಷೆ. ಮಂಗಳವಾರದ ಭಯ ಗಾಡಿಗಳ ದಟ್ಟಣೆಯದು. ಭಾನುವಾರ ರಸ್ತೆ ಖಾಲಿ, ಆದರೆ ಬೆಳಗಿನ ಬಸ್ಸು, ಆಟೋಗಳೂ ಕಡಿಮೆ. ಭಾನುವಾರದ ಕೆಟ್ಟ ದಿನ ಶುರುವಾಗುವುದು ನಿಂತು ಕಾಯುವ ಜಾಗದಲ್ಲಿ.

ಮೊಬೈಲಿನ ನಕ್ಷೆ ಇರುವಾಗ ಈ ಲೆಕ್ಕವೆಲ್ಲ ಯಾಕೆ ಎಂಬ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. ಹಿಂದಿನ ರಾತ್ರಿ ನೋಡಿದರೆ ನಕ್ಷೆ ತೋರಿಸುವುದು ರಾತ್ರಿಯ ರಸ್ತೆಯನ್ನು. ಮುಟ್ಟಬೇಕಾದ ದಿನ, ಹೊತ್ತು ಕೊಟ್ಟು ಕೇಳಿದರೆ ಅದೇ ನಕ್ಷೆ ‘ಇಷ್ಟರಿಂದ ಇಷ್ಟರವರೆಗೆ’ ಎಂದು ಎರಡು ಅಂಕಿ ಕೊಡುತ್ತದೆ. ಪರೀಕ್ಷೆಗೆ ಹೋಗುವವರು ದೊಡ್ಡ ಅಂಕಿಯನ್ನು ಹಿಡಿಯಬೇಕು. ಆಗಲೂ ಅದಕ್ಕೆ ಆಟೋ ಕಾಯುವ ಹೊತ್ತು ಗೊತ್ತಿಲ್ಲ, ಗೇಟಿನ ಸಾಲು ಗೊತ್ತಿಲ್ಲ. ರೈಲಿನಲ್ಲಿ ಬರುವವರಿಗೆ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣವೇ ಒಂದು ಪಾಠ. ಅಲ್ಲಿನ ಒಂದು ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಅದರ ಒಂದು ತುದಿಯಲ್ಲಿ ಇಳಿದು ಇನ್ನೊಂದು ತುದಿಗೆ, ಕೈಯಲ್ಲಿ ಚೀಲ ಹಿಡಿದು ಜನರ ನಡುವೆ ನಡೆಯಲು ಇಪ್ಪತ್ತು ನಿಮಿಷವೇ ಬೇಕು. ರೈಲು ಸರಿಯಾದ ಹೊತ್ತಿಗೆ ಬಂದರೂ ಆ ಇಪ್ಪತ್ತು ನಿಮಿಷ ಯಾವ ವೇಳಾಪಟ್ಟಿಯಲ್ಲೂ ಇಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ನಿದ್ದೆಯದು. ಕೆಟ್ಟ ದಿನಕ್ಕೆ ಹೆದರಿ ನಾಲ್ಕಕ್ಕೆ ಎದ್ದು, ಅರೆನಿದ್ದೆಯಲ್ಲಿ ಹೊರಟು, ಗೇಟಿನ ಮುಂದೆ ಒಂದೂವರೆ ತಾಸು ಬಿಸಿಲಲ್ಲಿ ನಿಂತವರು ಒಳಗೆ ಹೋಗಿ ಏನು ಬರೆದಾರು? ಇದು ನಿಜವಾದ ನಷ್ಟ. ಹುಬ್ಬಳ್ಳಿಯವರ ಮಟ್ಟಿಗೆ ಅರ್ಧ ತಾಸಿನ ಮಾತು, ಮುಗಿಯಿತು. ಆದರೆ ನವಲಗುಂದದಿಂದ, ಕುಂದಗೋಳದಿಂದ, ಕಲಘಟಗಿಯ ಹಳ್ಳಿಗಳಿಂದ ಬರುವವರಿಗೆ ಅಲ್ಲ. ಅವರ ಹೊತ್ತನ್ನು ನಿರ್ಧರಿಸುವುದು ಊರಿನ ಮೊದಲ ಬಸ್ಸು. ಮೊದಲ ಬಸ್ಸೇ ಸರಿಯಾದ ಹೊತ್ತಿಗೆ ಮುಟ್ಟುವ ಕೊನೆಯ ಬಸ್ಸೂ ಆಗಿದ್ದರೆ, ಆ ಯೋಜನೆಯಲ್ಲಿ ಬಿಡುವೆಂಬುದೇ ಇಲ್ಲ. ಅಂಥವರು ಹೊತ್ತನ್ನು ಹಿಗ್ಗಿಸಲಾರರು, ದಾರಿಯನ್ನೇ ಕಿರಿದು ಮಾಡಬೇಕು. ಹಿಂದಿನ ರಾತ್ರಿಯೇ ಧಾರವಾಡ ಸೇರಿಬಿಡುವುದು ಎಂದರೆ ಅದೇ. ಸಪ್ತಾಪುರದ ಕೋಚಿಂಗ್ ಓಣಿಗಳಲ್ಲಿ ನಮ್ಮ ಊರಿನ ಒಬ್ಬ ಹುಡುಗನೋ ಹುಡುಗಿಯೋ ರೂಮು ಮಾಡಿಕೊಂಡು ಓದುತ್ತಿರುವುದು ಸಾಮಾನ್ಯ. ಅವರ ರೂಮಿನ ಒಂದು ಚಾಪೆ, ಎರಡು ತಾಸಿನ ಮುಂಜಾಗ್ರತೆಗಿಂತ ದೊಡ್ಡ ಭದ್ರತೆ, ನಿದ್ದೆಯೂ ಉಳಿಯುತ್ತದೆ. ಲಾಡ್ಜಿನ ಬಾಡಿಗೆ ಎಲ್ಲರ ಕೈಗೆಟಕುವುದಿಲ್ಲ ಎಂಬುದು ನನಗೆ ಗೊತ್ತು, ಹೆಣ್ಣುಮಕ್ಕಳನ್ನು ಒಬ್ಬರೇ ಕಳಿಸಲು ಮನೆಯವರು ಹಿಂಜರಿಯುವುದೂ ಗೊತ್ತು. ಅದಕ್ಕೇ ಪರೀಕ್ಷೆಯ ಭಾನುವಾರಗಳಲ್ಲಿ ತಾಲ್ಲೂಕುಗಳಿಂದ ಒಂದು ಬಸ್ಸನ್ನು ಬೇಗ ಬಿಡುವುದು, ಹಾಸ್ಟೆಲ್ಲುಗಳ ಹಾಲ್ ಒಂದನ್ನು ಹಿಂದಿನ ರಾತ್ರಿ ತೆರೆದಿಡುವುದು ಆಡಳಿತದ ಕೆಲಸವಾಗಬೇಕು. ಕೆಟ್ಟ ದಿನದ ಭಾರವನ್ನೆಲ್ಲ ಅತಿ ದೂರದಿಂದ, ಅತಿ ಕಡಿಮೆ ದುಡ್ಡಿನಲ್ಲಿ ಬರುವವರ ಮೇಲೆಯೇ ಹೊರಿಸುವ ಪರೀಕ್ಷೆ, ಅಷ್ಟರ ಮಟ್ಟಿಗೆ ಓದನ್ನು ಬಿಟ್ಟು ಬೇರೇನನ್ನೋ ಅಳೆಯುತ್ತಿದೆ.

ಸಂದರ್ಶನದ ಲೆಕ್ಕ ತುಸು ಸಡಿಲ. ಅಲ್ಲಿ ಗೇಟು ಮುಚ್ಚುವುದಿಲ್ಲ, ತಡವಾಗುವಂತಿದ್ದರೆ ಫೋನು ಮಾಡಿ ಹೇಳಬಹುದು. ಆದರೆ ಬೇಲೂರು ಕೈಗಾರಿಕಾ ಪ್ರದೇಶದಂಥ ಕಡೆ ಕರೆದರೆ ಚಿಗರಿಯ ದಾರಿ ಧಾರವಾಡದಲ್ಲೇ ಮುಗಿಯುತ್ತದೆ, ಕೊನೆಯ ಹತ್ತು ಚಿಲ್ಲರೆ ಕಿಲೋಮೀಟರಿಗೆ ಬೇರೆ ಗಾಡಿ ನೋಡಬೇಕು. ಕೆಟ್ಟ ದಿನ ಅಡಗಿರುವುದೇ ಆ ತುಂಡಿನಲ್ಲಿ. ಒಂದು ತಾಸು ಮುಂಚೆ ಮುಟ್ಟಿದರೆ ಒಳಗೆ ಹೋಗಿ ಸ್ವಾಗತದ ಮೇಜಿನೆದುರು ಕೂರಬೇಕಿಲ್ಲ, ಹೊರಗೆ ಒಂದು ಚಹಾದಂಗಡಿಯಲ್ಲಿ ಕೂತು ಕಾಗದಪತ್ರ ಇನ್ನೊಮ್ಮೆ ನೋಡಿಕೊಂಡರಾಯಿತು.

ಬೇಗ ಹೊರಟವರಿಗೂ ಒಂದು ವಿಷಯ ಮನೆಯಲ್ಲೇ ತೀರ್ಮಾನವಾಗಿರಬೇಕು: ಯಾವ ಹೊತ್ತಿಗೆ ಮೊದಲ ಯೋಜನೆಯನ್ನು ಕೈಬಿಡುವುದು ಎಂಬುದು. ತಡವಾಗುತ್ತಿರುವಾಗ ‘ಇನ್ನೈದು ನಿಮಿಷ ನೋಡೋಣ’ ಎನ್ನುವುದು ಮನುಷ್ಯ ಸ್ವಭಾವ. ಹಂಪಿ ಎಕ್ಸ್‌ಪ್ರೆಸ್ಸಿನವರಿಗೆ ನಡುವೆ ಇಳಿದು ಬೇರೆ ದಾರಿ ಹಿಡಿಯುವ ಅವಕಾಶ ಇರಲಿಲ್ಲ, ಹುಬ್ಬಳ್ಳಿ–ಧಾರವಾಡದ ದಾರಿಯಲ್ಲಿ ಇದೆ. ನಮ್ಮ ಉದಾಹರಣೆಗೇ ಬಂದರೆ, ಜ್ಯುಬಿಲಿ ಸರ್ಕಲ್‌ನಿಂದ ಮುಂದಿನ ಕೆಟ್ಟ ದಿನದ ಲೆಕ್ಕ ನಲವತ್ತೈದು ನಿಮಿಷ. ಅಂದರೆ ಎಂಟೂಕಾಲಕ್ಕೆ ಅಲ್ಲಿರಬೇಕು. ಬಸ್ಸಿಗೆ ನಲವತ್ತು ನಿಮಿಷ ಹಿಡಿದರೆ ಹೊಸೂರು ಬಿಡಲು ಕೊನೆಯ ಹೊತ್ತು ಏಳೂ ಮೂವತ್ತೈದು. ಅಷ್ಟರಲ್ಲಿ ಚಿಗರಿಯೊಳಗೆ ಕಾಲಿಟ್ಟಿರದಿದ್ದರೆ ಬೇಂದ್ರೆ ಸಾರಿಗೆಯ ಬಸ್ಸೋ, ನಾಲ್ವರು ಸೇರಿ ಹಿಡಿಯುವ ಟ್ಯಾಕ್ಸಿಯೋ, ಕಣ್ಣಿಗೆ ಬಿದ್ದದ್ದನ್ನು ಹತ್ತಬೇಕು. ಹೆಚ್ಚುಕಡಿಮೆ ಅರ್ಧ ದಾರಿಯಾದ ನವನಗರವನ್ನು ಏಳೂ ಐವತ್ತೈದಕ್ಕೆ ದಾಟಿರಬೇಕು. ದಾಟಿರದಿದ್ದರೆ, ಬಸ್ಸು ನಿಂತಲ್ಲೇ ನಿಂತಿದ್ದರೆ, ಮುಂದಿನ ನಿಲ್ದಾಣದಲ್ಲಿ ಇಳಿದು ಪಕ್ಕದ ರಸ್ತೆಗೆ ಬಂದು ಆಟೋ ಹಿಡಿಯುವುದು. ಮುಂದೆ ನೀರು ನಿಂತಿದೆಯೆಂದು ಗೊತ್ತಿದ್ದರೆ ಒಳದಾರಿ ಬಲ್ಲ ಚಾಲಕರನ್ನು ಕೇಳುವುದು. ಹೊಸೂರಿನ ಹೊತ್ತು, ನವನಗರದ ಹೊತ್ತು, ಜ್ಯುಬಿಲಿ ಸರ್ಕಲ್‌ನ ಹೊತ್ತು, ಈ ಮೂರನ್ನು ಪೆನ್ಸಿಲಿನಲ್ಲಿ ಒಂದು ಚೀಟಿಯ ಮೇಲೆ ಬರೆದು, ಆಟೋಕ್ಕೆ ಬೇಕಾದ ಮುನ್ನೂರು ನಾನೂರು ರೂಪಾಯಿಯನ್ನು ಬೇರೆಯಾಗಿ ಮಡಚಿ ಅದರ ಜೊತೆ ಇಟ್ಟುಕೊಳ್ಳಬೇಕು. ಪ್ರವೇಶಪತ್ರದ ಪ್ರತಿ ತೆಗೆಸುವ ಸಂಜೆಯೇ ಈ ಕೆಲಸವೂ ಮುಗಿಯಲಿ.